ಗ್ಯಾಲ್ವನೋಮೀಟರಿನ ಮುಳ್ಳು ಸಮ ಹೆಜ್ಜೆ ಇಡುವುದೇಕೆ?

ದಾಬಸ್‌ಪೇಟೆಯಿಂದ ಸೋಂಪುರ ಕೈಗಾರಿಕಾ ಪ್ರದೇಶದ ಕಡೆ ಹೋಗುವಾಗ ಒಂದು ಗುಜರಿ ಅಂಗಡಿಯ ಮುಂದೆ ನಾನು ಗಾಡಿ ನಿಲ್ಲಿಸುವುದುಂಟು. ಕಾರ್ಖಾನೆಗಳಿಂದ ಬಿಚ್ಚಿ ತಂದ ಹಳೆಯ ಪ್ಯಾನಲ್‌ಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಕಳೆದ ಸಲ ಆ ರಾಶಿಯಿಂದ ಅಂಗೈ ಅಗಲದ ಎರಡು ಮೀಟರುಗಳನ್ನು ಆರಿಸಿಕೊಂಡೆ. "ಅವೆರಡೂ ಒಂದೇ ಸಾರ್, ಆಂಪ್ಸ್ ಮೀಟ್ರು" ಎಂದ ಅಂಗಡಿಯವನು. ಹೊರಗಿನಿಂದ ನೋಡಿದರೆ ಅವನ ಮಾತು ಸರಿಯೇ. ಅಷ್ಟೇ ಅಗಲ, ಅದೇ ಕಪ್ಪು ಮೈ, ಎರಡರ ಮೇಲೂ 0ಯಿಂದ 30 ಆಂಪಿಯರ್.

ಆದರೆ ಗೆರೆಗಳನ್ನು ನೋಡಿದರೆ ಎರಡೂ ಬೇರೆ ಜಾತಿ ಎಂದು ತಿಳಿದುಬಿಡುತ್ತದೆ. ಒಂದರ ಮುಖದಲ್ಲಿ ಗೆರೆಗಳು ಸಾಲು ಹಿಡಿದು ನಾಟಿ ಮಾಡಿದ ಪೈರಿನ ಹಾಗೆ ಸಮದೂರದಲ್ಲಿವೆ. 0ಯಿಂದ 5ಕ್ಕೆ ಎಷ್ಟು ಜಾಗವೋ 25ರಿಂದ 30ಕ್ಕೂ ಅಷ್ಟೇ. ಇನ್ನೊಂದರಲ್ಲಿ 0 ಮತ್ತು 5ರ ನಡುವೆ ಓದಲಾಗದಷ್ಟು ಇಕ್ಕಟ್ಟು, ಮೇಲೆ ಹೋದಂತೆ ಗೆರೆಗಳು ದೂರವಾಗಿವೆ. ಮೊದಲನೆಯದು ಡಿಸಿ ಮೀಟರ್. ಅದರ ಮೂಲೆಯಲ್ಲಿ ಲಾಳದ ಆಕಾರದ ಒಂದು ಪುಟ್ಟ ಚಿಹ್ನೆ ಇರುತ್ತದೆ. ಒಳಗೆ ಅಯಸ್ಕಾಂತವೂ ಅದರ ನಡುವೆ ತಿರುಗುವ ತಂತಿಸುರುಳಿಯೂ ಇವೆ ಎಂದು ಅದರ ಅರ್ಥ. ಎರಡನೆಯದು ಎಸಿ ಮೀಟರ್. ಅದರೊಳಗೆ ತಿರುಗುವುದು ಕಬ್ಬಿಣದ ತುಂಡು. ಅಲ್ಲಿ ವಿದ್ಯುತ್ತು ಕಬ್ಬಿಣವನ್ನು ಅಯಸ್ಕಾಂತವನ್ನಾಗಿಯೂ ಮಾಡಬೇಕು, ಮತ್ತೆ ಅದನ್ನೇ ತಳ್ಳಲೂ ಬೇಕು. ಹಾಗಾಗಿ ವಿದ್ಯುತ್ತು ಅರ್ಧವಾದರೆ ತಳ್ಳುವ ಬಲ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿದುಬಿಡುತ್ತದೆ. ಕೆಳಗಿನ ಇಕ್ಕಟ್ಟಿಗೆ ಅದೇ ಕಾರಣ.

ನನ್ನ ಗಮನ ಮೊದಲನೆಯದರ ಮೇಲೆ. ಅದರ ಗೆರೆಗಳು ಸಮವಾಗಿರುವುದು ತಾನಾಗಿ ಬಂದ ಗುಣವಲ್ಲ. ಯಾರೋ ಕೂತು ಯೋಚಿಸಿ, ಕಬ್ಬಿಣವನ್ನು ಒಂದು ಆಕಾರಕ್ಕೆ ಕಡೆದು, ಅದನ್ನು ಸಾಧಿಸಿದ್ದಾರೆ. ದ್ವಿತೀಯ ಪಿಯುಸಿ ವಿಜ್ಞಾನದ ಮಕ್ಕಳು ಪ್ರಯೋಗಾಲಯದಲ್ಲಿ ಇದೇ ರಚನೆಯ ಗ್ಯಾಲ್ವನೋಮೀಟರ್ ಇಟ್ಟುಕೊಂಡು ಮಾಡುವ ಒಂದು ಪ್ರಯೋಗ ಪೂರ್ತಿಯಾಗಿ ಈ ಸಮತೆಯ ಮೇಲೇ ನಿಂತಿದೆ. ಆದರೂ ಬಹಳಷ್ಟು ಮಕ್ಕಳು ಅದನ್ನು ಗಮನಿಸದೆ ಪರೀಕ್ಷೆ ಮುಗಿಸಿ ಹೋಗುತ್ತಾರೆ. ಅದು ನನಗೆ ಬೇಸರದ ವಿಷಯ.

ಡಿಸಿ ಮೀಟರಿನ ಮುಚ್ಚಳ ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಹೊರಗಡೆ ಅಯಸ್ಕಾಂತ. ಅದರ ಎರಡು ಧ್ರುವಗಳ ಒಳಮೈ ಚಪ್ಪಟೆಯಾಗಿಲ್ಲ, ಬಟ್ಟಲಿನ ಗೋಡೆಯ ಹಾಗೆ ಒಳಕ್ಕೆ ಬಾಗಿದೆ. ಎರಡೂ ಸೇರಿ ಒಂದು ದುಂಡನೆಯ ಗುಂಡಿ ಆಗಿದೆ. ಆ ಗುಂಡಿಯ ನಡುವೆ ಮೆದು ಕಬ್ಬಿಣದ ಒಂದು ಉರುಳೆ ಅಲುಗಾಡದಂತೆ ಕೂತಿದೆ. ಉರುಳೆಗೂ ಧ್ರುವಗಳಿಗೂ ನಡುವೆ ಉಳಿದಿರುವುದು ಒಂದೆರಡು ಮಿಲಿಮೀಟರಿನ ಸಂದು. ಆ ಸಂದಿನಲ್ಲಿ, ಉರುಳೆಗೂ ತಾಗದೆ ಧ್ರುವಕ್ಕೂ ತಾಗದೆ, ತೆಳ್ಳನೆಯ ಅಲ್ಯುಮಿನಿಯಂ ಚೌಕಟ್ಟಿಗೆ ಸುತ್ತಿದ ತಾಮ್ರದ ಸುರುಳಿ ತಿರುಗುತ್ತದೆ. ಉರುಳೆಯೂ ಸುರುಳಿಯ ಜೊತೆ ತಿರುಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇಲ್ಲ, ಅದು ಕೂತಲ್ಲೇ ಕೂತಿರುತ್ತದೆ. ಸುರುಳಿಯ ಮೇಲೊಂದು ಕೆಳಗೊಂದು ಕೂದಲೆಳೆಯಂಥ ಸ್ಪ್ರಿಂಗ್ ಇವೆ, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತಿದವು. ವಿದ್ಯುತ್ತು ಒಂದರ ಮೂಲಕ ಸುರುಳಿಗೆ ಬಂದು ಇನ್ನೊಂದರ ಮೂಲಕ ಹೊರಡುತ್ತದೆ. ಸುರುಳಿ ತಿರುಗಿದಷ್ಟೂ ಹಿಂದಕ್ಕೆ ಎಳೆಯುವ ಕೆಲಸವೂ ಇವುಗಳದ್ದೇ.

ಮುಳ್ಳು ನಿಲ್ಲುವ ಜಾಗ ಎರಡು ಬಲಗಳ ಒಪ್ಪಂದ. ಸ್ಪ್ರಿಂಗಿನ ಎಳೆತ ಸರಳ: ಎರಡರಷ್ಟು ತಿರುಗಿಸಿದರೆ ಎರಡರಷ್ಟು ಎಳೆಯುತ್ತದೆ. ಹಾಗಾದರೆ ಸುರುಳಿಯನ್ನು ತಿರುಗಿಸುವ ಬಲವೂ, ಅಂದರೆ ಪುಸ್ತಕದ ಟಾರ್ಕ್, ವಿದ್ಯುತ್ತಿಗೆ ಮಾತ್ರ ಕಿವಿಗೊಡಬೇಕು. ಸುರುಳಿ ಈಗಾಗಲೇ ಎಷ್ಟು ತಿರುಗಿದೆ ಎಂಬುದು ಅದಕ್ಕೆ ಲೆಕ್ಕಕ್ಕೇ ಬರಬಾರದು. ಹಾಗಾದಾಗ ಮಾತ್ರ ಎರಡರಷ್ಟು ವಿದ್ಯುತ್ತಿಗೆ ಮುಳ್ಳು ಎರಡರಷ್ಟು ಸರಿಯುತ್ತದೆ. ಚಪ್ಪಟೆ ಧ್ರುವಗಳಲ್ಲಿ ಇದು ಆಗುವುದಿಲ್ಲ. ಏಕೆ ಎಂದು ತಿಳಿಯಲು ರಾಗಿ ಬೀಸುವ ಕಲ್ಲಿನ ಹತ್ತಿರ ಹೋಗೋಣ.

ಬೀಸುವ ಕಲ್ಲಿನ ಹಿಡಿಗೂಟ ನಡುವಿನಿಂದ ತೆಂಕಣಕ್ಕೆ ಇದೆ ಎಂದುಕೊಳ್ಳಿ. ಅದನ್ನು ಮೂಡಣಕ್ಕೆ ತಳ್ಳಿದರೆ ಕಲ್ಲು ಸಲೀಸಾಗಿ ತಿರುಗುತ್ತದೆ; ಹಾಕಿದ ಬಲವೆಲ್ಲ ತಿರುಗಿಸುವುದಕ್ಕೇ ಹೋಗುತ್ತದೆ. ಈಗ ಕೈ ಹಟ ಹಿಡಿದು ಮೂಡಣಕ್ಕೇ ತಳ್ಳುತ್ತಾ ಹೋಗಲಿ. ಗೂಟ ಸುತ್ತಿಕೊಂಡು ಬಂದಂತೆ ಅದೇ ಬಲ ಕಲ್ಲನ್ನು ತಿರುಗಿಸುವುದು ಕಡಿಮೆಯಾಗುತ್ತದೆ. ಗೂಟ ಸರಿಯಾಗಿ ಮೂಡಣಕ್ಕೆ ಬಂದು ನಿಂತಾಗ ಎಷ್ಟು ತಳ್ಳಿದರೂ ಕಲ್ಲು ತಿರುಗದು, ಗೂಟವನ್ನು ಹೊರಕ್ಕೆ ಜಗ್ಗಿದಂತೆ ಆಗುತ್ತದೆ ಅಷ್ಟೆ. ಬೀಸಿ ಅಭ್ಯಾಸ ಇರುವ ಕೈ ಹಾಗೆ ಮಾಡುವುದಿಲ್ಲ. ಗೂಟ ಹೋದಂತೆ ಕೈಯೂ ದಿಕ್ಕು ಬದಲಿಸುತ್ತದೆ, ಪ್ರತಿ ಗಳಿಗೆಯಲ್ಲೂ ಗೂಟಕ್ಕೂ ನಡುವಿಗೂ ಎಳೆದ ಗೆರೆಗೆ ಅಡ್ಡಡ್ಡಲಾಗಿಯೇ ತಳ್ಳುತ್ತದೆ.

ಕಾಂತಕ್ಷೇತ್ರದಲ್ಲಿರುವ ತಂತಿಯ ಮೇಲೆ ಬೀಳುವ ಬಲ ಯಾವಾಗಲೂ ಆ ಕ್ಷೇತ್ರಕ್ಕೆ ಲಂಬ. ಧ್ರುವಗಳು ಚಪ್ಪಟೆಯಾಗಿದ್ದು ನಡುವೆ ಕಬ್ಬಿಣವಿಲ್ಲದಿದ್ದರೆ ಕ್ಷೇತ್ರ ಎಡದಿಂದ ಬಲಕ್ಕೆ ನೇರವಾಗಿ ಹರಿಯುತ್ತದೆ. ಆಗ ಸುರುಳಿಯ ಎರಡು ನಿಂತ ಬದಿಗಳ ಮೇಲಿನ ಬಲಗಳ ದಿಕ್ಕೂ ಬದಲಾಗುವುದಿಲ್ಲ. ಅದು ಮೂಡಣಕ್ಕೇ ತಳ್ಳುವ ಹಟಮಾರಿ ಕೈ. ಸುರುಳಿ θ ಕೋನ ತಿರುಗಿದಾಗ ಟಾರ್ಕ್ ಹೀಗಿರುತ್ತದೆ:

τ = NIAB cos θ

N ಸುತ್ತುಗಳ ಸಂಖ್ಯೆ, I ವಿದ್ಯುತ್ ಪ್ರವಾಹ, A ಸುರುಳಿಯ ವಿಸ್ತೀರ್ಣ, B ಕಾಂತಕ್ಷೇತ್ರದ ಬಲ. ಕೊನೆಯ cos θ ಎಂಬುದೇ ಗೆರೆಗಳನ್ನು ಕೆಡಿಸುವ ಪದ.

ಬಾಗಿದ ಧ್ರುವ ಮತ್ತು ನಡುವಿನ ಉರುಳೆ ಇದ್ದಾಗ ಪರಿಸ್ಥಿತಿ ಬೇರೆ. ಮೆದು ಕಬ್ಬಿಣದೊಳಗೆ ಕಾಂತರೇಖೆಗಳಿಗೆ ಹಾದಿ ಸುಲಭ, ಗಾಳಿಯ ಸಂದಿನಲ್ಲಿ ಕಷ್ಟ. ಆದ್ದರಿಂದ ಅವು ಸಂದನ್ನು ಅತಿ ಚಿಕ್ಕ ದಾರಿಯಲ್ಲಿ ದಾಟುತ್ತವೆ. ಕಬ್ಬಿಣದ ಮೈಯಿಂದ ಹೊರಡುವಾಗಲೂ ಒಳಗೆ ಹೊಗುವಾಗಲೂ ಹೆಚ್ಚುಕಡಿಮೆ ಲಂಬವಾಗಿಯೇ ಇರುತ್ತವೆ. ದುಂಡನೆಯ ಗುಂಡಿಯಲ್ಲಿ ದುಂಡನೆಯ ಉರುಳೆ ಕೂತಿದ್ದರೆ ಆ ದಾರಿಗಳೆಲ್ಲ ಬೈಸಿಕಲ್ ಚಕ್ರದ ಕಡ್ಡಿಗಳಂತೆ ನಡುವಿಗೆ ಮುಖ ಮಾಡಿರುತ್ತವೆ. ಪುಸ್ತಕಗಳು ಇದನ್ನು ತ್ರಿಜ್ಯೀಯ ಕ್ಷೇತ್ರ ಎನ್ನುತ್ತವೆ. ಸುರುಳಿ ಸಂದಿನಲ್ಲಿ ಎಲ್ಲಿಗೇ ಹೋಗಲಿ, ಅಲ್ಲಿನ ಕಡ್ಡಿ ಅದರ ಸಮತಲದಲ್ಲೇ ಇರುತ್ತದೆ. ಬಲ ಆ ಕಡ್ಡಿಗೆ ಲಂಬವಾಗಿ, ಅಂದರೆ ಸುರುಳಿಯ ಮೈಗೆ ಅಡ್ಡಡ್ಡಲಾಗಿ ಬೀಳುತ್ತದೆ. ಬೀಸುವ ಕೈ ಗೂಟದ ಜೊತೆಗೇ ದಿಕ್ಕು ಬದಲಿಸಿದಂತಾಯಿತು. cos θ ಮಾಯವಾಗಿ NIAB ಮಾತ್ರ ಉಳಿಯುತ್ತದೆ.

ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಉತ್ತರ ಮಾತ್ರ ಆಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ದಿಕ್ಕು ಸರಿಯಾದರೆ ಸಾಲದು, B ಕೂಡ ಸಂದಿನ ಉದ್ದಕ್ಕೂ ಒಂದೇ ಆಗಿರಬೇಕು. ಉರುಳೆ ಗುಂಡಿಯ ಸರಿನಡುವೆ ಕೂರದೆ ಕೂದಲಷ್ಟು ಒಂದು ಬದಿಗೆ ಸರಿದಿದ್ದರೂ ಒಂದು ಕಡೆ ಸಂದು ಕಿರಿದಾಗಿ ಅಲ್ಲಿ B ಹೆಚ್ಚುತ್ತದೆ, ಇನ್ನೊಂದು ಕಡೆ ಕಡಿಮೆಯಾಗುತ್ತದೆ. ರೇಖೆಗಳು ಆಗಲೂ ಹೆಚ್ಚುಕಡಿಮೆ ನಡುವಿಗೇ ಮುಖ ಮಾಡಿರುತ್ತವೆ, ಆದರೆ ಗೆರೆಗಳ ಸಮತೆ ಕೆಡಬಹುದು. ಸಮತೆಗೆ ಬೇಕಾದದ್ದು ಎರಡು: ದುಂಡನೆಯ ಆಕಾರ, ಸಮಾನ ಅಗಲದ ಸಂದು. ಬೇಕೆಂದೇ ಗೆರೆಗಳನ್ನು ಒಂದು ಕಡೆ ಹಿಗ್ಗಿಸಬೇಕಾದ ಮೀಟರುಗಳಲ್ಲಿ ಧ್ರುವಗಳ ಆಕಾರ ಬದಲಿಸಿ ಸಂದಿನ ಅಗಲವನ್ನು ಏರುಪೇರು ಮಾಡುತ್ತಾರೆ. ಅದೇ ನಿಯಮದ ಇನ್ನೊಂದು ಮುಖ ಅದು.

ಈ ಕ್ಷೇತ್ರ ಸುತ್ತಲೂ ಹೀಗೇ ಇರಲು ಸಾಧ್ಯವಿಲ್ಲ ಎಂಬುದನ್ನೂ ಹೇಳಬೇಕು. ಒಂದು ಕಡೆ ರೇಖೆಗಳು ಉರುಳೆಯೊಳಗೆ ಹೊಕ್ಕರೆ ಇನ್ನೊಂದು ಕಡೆ ಹೊರಬರಲೇಬೇಕು. ಎರಡು ಧ್ರುವಗಳ ತುದಿಗಳ ನಡುವಿನ ಬಯಲಿನಲ್ಲಿ ಕ್ಷೇತ್ರ ಚದುರಿ ಕ್ಷೀಣಿಸುತ್ತದೆ. ಪ್ಯಾನಲ್ ಮೀಟರಿನ ಮುಳ್ಳು ಸುಮಾರು 90 ಡಿಗ್ರಿಗೆ ನಿಂತುಬಿಡುವುದಕ್ಕೆ ಇದು ಮುಖ್ಯ ಕಾರಣ. ಅದಕ್ಕಿಂತ ಹೆಚ್ಚು ಬಿಟ್ಟರೆ ಸುರುಳಿಯ ಬದಿ ಧ್ರುವದ ನೆರಳು ದಾಟಿ ಹೋಗುತ್ತದೆ.

ಈಗ ಅಂಕಿಗಳಿಗೆ ಬರೋಣ. ಕಾಲೇಜಿನ ಗ್ಯಾಲ್ವನೋಮೀಟರಿಗೆ ಹತ್ತಿರವಾದ ಒಂದು ಸುರುಳಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇನೆ: 50 ಸುತ್ತು, 2 ಸೆಂಟಿಮೀಟರ್ ಎತ್ತರ, ಒಂದೂವರೆ ಸೆಂಟಿಮೀಟರ್ ಅಗಲ, ಸಂದಿನಲ್ಲಿ 0.2 ಟೆಸ್ಲಾ ಕ್ಷೇತ್ರ. 1 ಮಿಲಿ ಆಂಪಿಯರ್ ಹರಿಸಿದರೆ ಒಂದೊಂದು ಬದಿಯ ಮೇಲೆ ಬೀಳುವ ಬಲ 0.0002 ನ್ಯೂಟನ್. ಅದು 20 ಮಿಲಿಗ್ರಾಂ ತೂಕಕ್ಕೆ ಸಮ, ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ಭಾರ. ಎರಡು ಬದಿ ಸೇರಿ ಟಾರ್ಕ್ 0.000003 ನ್ಯೂಟನ್ ಮೀಟರ್. ಮೀಟರಿನೊಳಗೆ ಒಂದು ಕಬ್ಬಿಣದ ಹುಡಿ ಸೇರಿದರೂ ಮುಳ್ಳು ಏಕೆ ತಡವರಿಸುತ್ತದೆ ಎಂಬುದು ಈ ಅಕ್ಕಿಕಾಳಿನಿಂದಲೇ ಗೊತ್ತಾಗುತ್ತದೆ.

ಈ ಟಾರ್ಕಿಗೆ ಸುರುಳಿ ಸರಿಯಾಗಿ 45 ಡಿಗ್ರಿ ತಿರುಗುವಂಥ ಸ್ಪ್ರಿಂಗ್ ಹಾಕೋಣ. ಮುಖದ ಮೇಲೆ ನಡುವೆ ಸೊನ್ನೆ, ಎರಡೂ ಕಡೆ 30 ಗೆರೆ. ಒಂದೊಂದು ಗೆರೆಗೆ ಒಂದೂವರೆ ಡಿಗ್ರಿ. ಅರ್ಧ ಮಿಲಿ ಆಂಪಿಯರಿಗೆ ಮುಳ್ಳು 15ನೇ ಗೆರೆಗೆ, ಇನ್ನರ್ಧ ಸೇರಿಸಿದರೆ 30ಕ್ಕೆ. ಇದೇ ಸುರುಳಿ, ಇದೇ ಸ್ಪ್ರಿಂಗ್, ಅಷ್ಟೇ ಬಲದ ಕ್ಷೇತ್ರ ಇದ್ದು ಧ್ರುವಗಳು ಮಾತ್ರ ಚಪ್ಪಟೆಯಾಗಿದ್ದರೆ? ಆಗ ಅರ್ಧ ಮಿಲಿ ಆಂಪಿಯರಿಗೆ ಮುಳ್ಳು 21 ಡಿಗ್ರಿ ತಿರುಗಿ 14ನೇ ಗೆರೆಯಲ್ಲಿ ನಿಲ್ಲುತ್ತದೆ. ಒಂದು ಮಿಲಿ ಆಂಪಿಯರಿಗೆ 36 ಡಿಗ್ರಿ ದಾಟಿ 24ನೇ ಗೆರೆಯ ಹತ್ತಿರ ನಿಲ್ಲುತ್ತದೆ. ಮೊದಲ ಅರ್ಧಕ್ಕೆ 14 ಹೆಜ್ಜೆ, ಎರಡನೆಯ ಅರ್ಧಕ್ಕೆ 10. ಎರಡು ಮಿಲಿ ಆಂಪಿಯರ್ ಕೊಟ್ಟರೂ 54 ಡಿಗ್ರಿ ಮುಟ್ಟುವುದಿಲ್ಲ. ಮುಂದೆ ಹೋದಷ್ಟೂ ಮುಳ್ಳಿಗೆ ಸುಸ್ತು.

ಬಾಗಿದ ಧ್ರುವ, ಮೆದು ಕಬ್ಬಿಣದ ಉರುಳೆ ಬರುವುದಕ್ಕೆ ಮೊದಲು ಇದ್ದ ಉಪಕರಣಗಳಲ್ಲಿ ಈ ಸುಸ್ತು ಸಹಜವೇ ಆಗಿತ್ತು. ನಮ್ಮ ಹಳೆಯ ಪ್ರಯೋಗಾಲಯಗಳ ಕಪಾಟಿನಲ್ಲಿ ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಇನ್ನೂ ಕಾಣಸಿಗುತ್ತದೆ. ದೊಡ್ಡ ನಿಂತ ಬಳೆ, ಅದರ ನಡುವೆ ದಿಕ್ಸೂಚಿ. ಅಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಭೂಮಿಯ ಕಾಂತಕ್ಷೇತ್ರ. ವಿದ್ಯುತ್ತು ಕೋನಕ್ಕೆ ಅನುಗುಣವಾಗಿರದೆ ಆ ಕೋನದ tan ಬೆಲೆಗೆ ಅನುಗುಣವಾಗಿರುತ್ತದೆ. 45 ಡಿಗ್ರಿಗೆ 1 ಎಂದರೆ 60 ಡಿಗ್ರಿಗೆ 1.73. ಬಳೆಯನ್ನು ಉತ್ತರ ದಕ್ಷಿಣಕ್ಕೆ ಸರಿಯಾಗಿ ಕೂರಿಸಬೇಕು, ಹತ್ತಿರದಲ್ಲಿ ಕಬ್ಬಿಣದ ಸ್ಟೂಲೂ ಇರಬಾರದು. ಬೆಂಗಳೂರಿನ ಸುತ್ತ ಭೂಮಿಯ ಕ್ಷೇತ್ರದ ಅಡ್ಡಭಾಗ ಸುಮಾರು 40 ಮೈಕ್ರೋಟೆಸ್ಲಾ ಮಾತ್ರ. ನಾವು ಲೆಕ್ಕಕ್ಕೆ ಇಟ್ಟುಕೊಂಡ ಸಂದಿನ ಕ್ಷೇತ್ರ ಅದಕ್ಕಿಂತ 5000 ಪಟ್ಟು ಬಲವಾದದ್ದು. ಆದ್ದರಿಂದಲೇ ಸುರುಳಿ ಮೀಟರನ್ನು ಮೇಜಿನ ಮೇಲೆ ಯಾವ ದಿಕ್ಕಿಗೆ ಇಟ್ಟರೂ ಒಂದೇ.

ಸುರುಳಿಯನ್ನು ತಿರುಗಬಿಟ್ಟು ಅಯಸ್ಕಾಂತವನ್ನು ಸ್ಥಿರವಾಗಿಡುವ ಗ್ಯಾಲ್ವನೋಮೀಟರಿಗೆ ಫ್ರಾನ್ಸಿನ ವೈದ್ಯವಿಜ್ಞಾನಿ ದಾರ್ಸೊನ್‌ವಾಲ್ ಹೆಸರು ಅಂಟಿಕೊಂಡಿದೆ. ಮಾರ್ಸೆಲ್ ದೆಪ್ರೆ ಜೊತೆಗೂಡಿ ಆತ ಅದನ್ನು ರೂಪಿಸಿದ್ದು 1882ರಲ್ಲಿ. ತೆಳು ತಂತಿಯಲ್ಲಿ ತೂಗಾಡುವ ಆ ಸುರುಳಿಯನ್ನು ಮೊನಚು ಅಚ್ಚಿನ ಮೇಲೆ ಕೂರಿಸಿ, ಸ್ಪ್ರಿಂಗ್ ಹಾಕಿ, ಕಿರಿದಾದ ಸಮ ಸಂದು ಕೊಟ್ಟು, ಕೈಯಲ್ಲಿ ಹೊತ್ತು ಓಡಾಡುವ ಮೀಟರ್ ಮಾಡಿದವನು ಅಮೆರಿಕದ ಎಡ್ವರ್ಡ್ ವೆಸ್ಟನ್, 1888ರಲ್ಲಿ. ನಮ್ಮ ಕಾಲೇಜುಗಳಲ್ಲಿ ಈಗಲೂ ಅದನ್ನು ವೆಸ್ಟನ್ ಗ್ಯಾಲ್ವನೋಮೀಟರ್ ಎಂದೇ ಕರೆಯುವುದುಂಟು.

ಪಿಯುಸಿ ಪ್ರಯೋಗಕ್ಕೆ ಬರುತ್ತೇನೆ. ಹೆಸರು ಅರ್ಧ ವಿಚಲನೆಯ ವಿಧಾನ. ಗ್ಯಾಲ್ವನೋಮೀಟರಿನ ಸ್ವಂತ ರೋಧ G ಎಷ್ಟು ಎಂದು ಕಂಡುಹಿಡಿಯಬೇಕು. ನಮ್ಮ ಸುರುಳಿಯ ರೋಧ 100 ಓಮ್ ಎಂದಿರಲಿ. ಅದು ವಿದ್ಯಾರ್ಥಿಗೆ ಗೊತ್ತಿಲ್ಲ. 2 ವೋಲ್ಟ್ ಮೂಲಕ್ಕೆ ಗ್ಯಾಲ್ವನೋಮೀಟರನ್ನು 2900 ಓಮ್ ರೋಧದ ಜೊತೆ ಸರಣಿಯಲ್ಲಿ ಜೋಡಿಸುತ್ತಾನೆ. ಒಟ್ಟು 3000 ಓಮ್, ಪ್ರವಾಹ 0.667 ಮಿಲಿ ಆಂಪಿಯರ್, ಮುಳ್ಳು 20ನೇ ಗೆರೆಗೆ. ಈಗ ಗ್ಯಾಲ್ವನೋಮೀಟರಿನ ಎರಡು ತುದಿಗಳಿಗೆ ಅಡ್ಡಲಾಗಿ ಇನ್ನೊಂದು ರೋಧಪೆಟ್ಟಿಗೆ S ಜೋಡಿಸಿ, ಮುಳ್ಳು ಸರಿಯಾಗಿ 10ಕ್ಕೆ ಇಳಿಯುವವರೆಗೆ ಅದನ್ನು ಬದಲಿಸುತ್ತಾನೆ. 97 ಓಮ್‌ಗೆ ಮುಳ್ಳು 10ರಲ್ಲಿ ನಿಲ್ಲುತ್ತದೆ. ಸೂತ್ರ ಇದು:

G = RS / (R − S)

2900 ಮತ್ತು 97 ಹಾಕಿದರೆ 100.4 ಓಮ್ ಬರುತ್ತದೆ. ಒಂದು ಗೆರೆಗೆ ಎಷ್ಟು ಪ್ರವಾಹ ಎಂಬುದೂ ಇದರಿಂದಲೇ ಸಿಗುತ್ತದೆ, 33 ಮೈಕ್ರೋ ಆಂಪಿಯರ್.

ಒಮ್ಮೆ ಒಬ್ಬ ಹುಡುಗಿ ಇದನ್ನು ಮಾಡುತ್ತಾ ಕೇಳಿದಳು, "ಸರ್, ಮುಳ್ಳು ಅರ್ಧ ಆದ್ರೆ ಕರೆಂಟೂ ಅರ್ಧ ಆಗಿದೆ ಅಂತ ಹೆಂಗೆ ನಂಬೋದು?" ಇಡೀ ತರಗತಿಯಲ್ಲಿ ಆ ವರ್ಷ ನಾನು ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು. ಸೂತ್ರ ಬರುವುದೇ ಆ ನಂಬಿಕೆಯಿಂದ. ಚಪ್ಪಟೆ ಧ್ರುವದ ನಮ್ಮ ಕಲ್ಪನೆಯ ಮೀಟರಿನಲ್ಲಿ ಇದೇ ಪ್ರಯೋಗ ಮಾಡಿದರೆ ಏನಾಗುತ್ತದೆ ಎಂದು ಅವಳ ಜೊತೆ ಕೂತು ಲೆಕ್ಕ ಹಾಕಿದೆ. ಅದೇ 2900 ಓಮ್‌ಗೆ ಮುಳ್ಳು 18ನೇ ಗೆರೆಯ ಹತ್ತಿರ ನಿಲ್ಲುತ್ತದೆ. ಅದನ್ನು 9ಕ್ಕೆ ಇಳಿಸಿದಾಗ ಒಳಗಿನ ಪ್ರವಾಹ ಅರ್ಧ ಆಗಿರುವುದಿಲ್ಲ, ನೂರಕ್ಕೆ 46 ಮಾತ್ರ ಉಳಿದಿರುತ್ತದೆ. ಹಾಗಾಗಲು S ಸುಮಾರು 82 ಓಮ್ ಇರಬೇಕು. ಸೂತ್ರ ಕೊಡುವ G ಆಗ 84 ಓಮ್. ನಿಜವಾದ 100ರ ಜಾಗದಲ್ಲಿ 84. ತಂತಿ ಬಿಗಿಯಾಗಿದೆ, ರೋಧಪೆಟ್ಟಿಗೆ ಸರಿಯಿದೆ, ಓದಿದ್ದು ತಪ್ಪಿಲ್ಲ, ಆದರೂ ಉತ್ತರ ತಪ್ಪು. ಧ್ರುವದ ಒಳಮೈಯ ಬಾಗು ಆ 16 ಓಮ್ ತಪ್ಪನ್ನು ತಡೆದು ನಿಂತಿದೆ.

ಗೆರೆಗಳು ಸಮವಾಗಿದ್ದ ಮಾತ್ರಕ್ಕೆ ಮೀಟರ್ ಸರಿಯಾಗಿದೆ ಎಂದು ತಿಳಿಯಬಾರದು ಎಂಬುದು ನಾನು ಪೆಟ್ಟು ತಿಂದು ಕಲಿತ ಪಾಠ. ವರ್ಷಗಳ ಹಿಂದೆ ಹಳೆಯ ಗ್ಯಾಲ್ವನೋಮೀಟರ್ ಒಂದನ್ನು ಒರೆಸುವ ಉತ್ಸಾಹದಲ್ಲಿ ನಡುವಿನ ಉರುಳೆಯನ್ನು ಹೊರಗೆ ಎಳೆದು, ಧೂಳು ತೆಗೆದು, ಮತ್ತೆ ಅದೇ ಜಾಗಕ್ಕೆ ಕೂರಿಸಿದೆ. ಆಮೇಲೆ 30ನೇ ಗೆರೆಗೆ ಹೋಗುತ್ತಿದ್ದ ಮುಳ್ಳು 27ಕ್ಕೇ ನಿಲ್ಲತೊಡಗಿತು. ಅರ್ಧ ಪ್ರವಾಹಕ್ಕೆ ಹದಿಮೂರೂವರೆ. ಹೆಜ್ಜೆಗಳು ಸಮವಾಗಿಯೇ ಇದ್ದವು, ಆದರೆ ಪ್ರತಿ ಹೆಜ್ಜೆಯೂ ಹತ್ತನೇ ಒಂದರಷ್ಟು ಗಿಡ್ಡವಾಗಿತ್ತು. ಹಳೆಯ ಮೀಟರುಗಳ ಅಲ್ನಿಕೊ ಜಾತಿಯ ಅಯಸ್ಕಾಂತಕ್ಕೆ ಉರುಳೆ ಒಂದು ಸೇತುವೆ. ಅದನ್ನು ತೆಗೆದ ಕ್ಷಣ ಸಂದು ಅಗಲವಾಗಿ ಅಯಸ್ಕಾಂತ ತನ್ನ ಬಲವನ್ನು ಸ್ವಲ್ಪ ಕಳೆದುಕೊಳ್ಳುತ್ತದೆ; ಉರುಳೆ ವಾಪಸು ಇಟ್ಟರೂ ಅದು ಮರಳುವುದಿಲ್ಲ. B ಎಲ್ಲ ಕಡೆ ಒಂದೇ ಸಮ ಕಡಿಮೆಯಾದ್ದರಿಂದ ಗೆರೆಗಳ ಸಮತೆಗೆ ಏನೂ ಆಗಲಿಲ್ಲ. ವಯಸ್ಸಾಗಿ ಅಯಸ್ಕಾಂತ ಸೋತ ಮೀಟರಿನ ಕಥೆಯೂ ಇದೇ. ಅಂಥ ಮೀಟರಿನಲ್ಲಿ ಅರ್ಧ ವಿಚಲನೆಯ ಪ್ರಯೋಗ ಈಗಲೂ ಸರಿಯಾದ G ಕೊಡುತ್ತದೆ, ಏಕೆಂದರೆ ಅಲ್ಲಿ ಬೇಕಾದದ್ದು ಅನುಪಾತ ಮಾತ್ರ. ಆದರೆ ಒಂದು ಗೆರೆಗೆ ಎಷ್ಟು ಪ್ರವಾಹ ಎಂಬ ಹಳೆಯ ಚೀಟಿಯನ್ನು ನಂಬುವಂತಿಲ್ಲ, ಹೊಸದಾಗಿ ಅಳೆಯಬೇಕು.

ಇನ್ನೊಂದು ದೋಷ ಇದಕ್ಕೆ ತದ್ವಿರುದ್ಧ. ಸಂದಿಗೆ ಕಬ್ಬಿಣದ ಹುಡಿ ಸೇರಿದ್ದರೆ ಮುಳ್ಳು ಯಾವಾಗಲೂ ಒಂದೇ ಜಾಗದಲ್ಲಿ ತಡೆದು, ಪ್ರವಾಹ ಸ್ವಲ್ಪ ಹೆಚ್ಚಿಸಿದ ಮೇಲೆ ಜಿಗಿಯುತ್ತದೆ. ಮೇಲೇರುವಾಗ ಒಂದು ಓದು, ಇಳಿಯುವಾಗ ಇನ್ನೊಂದು ಓದು ಬರುತ್ತದೆ. ಅಚ್ಚಿನ ಮೊನೆ ಸವೆದಿದ್ದರೂ ಓದು ಹೀಗೆ ಹಿಂದುಮುಂದಾಗುತ್ತದೆ, ಆದರೆ ಅದು ಯಾವುದೇ ಗೆರೆಯಲ್ಲಿ ಆಗಬಹುದು. ಗಾಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮುಳ್ಳು ತನ್ನ ಜಾಗಕ್ಕೆ ಸರಿಯುತ್ತದೆ. ಹುಡಿಯಿದ್ದರೆ ತಟ್ಟಿದರೂ ಅಷ್ಟಾಗಿ ಕದಲುವುದಿಲ್ಲ. ಕಲ್ಲುಕ್ವಾರಿಯ ಧೂಳು, ಗ್ರೈಂಡಿಂಗ್ ಯಂತ್ರದ ಕಿಡಿಯ ಹುಡಿ ಹಾರುವ ಕಡೆ ಮೀಟರಿನ ಮುಚ್ಚಳ ಬಿಚ್ಚಬೇಡಿ ಎಂದು ನಾನು ಹೇಳುವುದು ಇದಕ್ಕೇ. ಸಾಗಿಸುವಾಗ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿಬಿಡಿ. ಗಾಡಿ ಕುಲುಕಿ ಸುರುಳಿ ತೂಗಾಡಿದಾಗ ಅದರಲ್ಲೇ ಹುಟ್ಟುವ ವಿದ್ಯುತ್ತು ಆ ತಂತಿಯ ಮೂಲಕ ಸುತ್ತಿ ಬಂದು ಸುರುಳಿಯ ಓಲಾಟವನ್ನು ತಡೆಯುತ್ತದೆ.

ಆ ಹುಡುಗಿಯ ಪ್ರಶ್ನೆಗೆ ಅವತ್ತು ಲೆಕ್ಕದಲ್ಲಿ ಉತ್ತರ ಕೊಟ್ಟೆ. ಮೇಜಿನ ಮೇಲೆ ಉತ್ತರ ಕೊಡುವ ದಾರಿ ಹೊಳೆದದ್ದು ಆಮೇಲೆ. ಅಡ್ಡರೋಧ S ಬೇಡ. 2 ವೋಲ್ಟ್ ಮೂಲ, ಸರಣಿಯಲ್ಲಿ ರೋಧಪೆಟ್ಟಿಗೆ, ಗ್ಯಾಲ್ವನೋಮೀಟರ್, ಇಷ್ಟೇ ಸಾಕು. ಮುಳ್ಳು 10ಕ್ಕೆ ಬರಲು ಎಷ್ಟು ರೋಧ ಬೇಕು, 20ಕ್ಕೆ ಎಷ್ಟು, 30ಕ್ಕೆ ಎಷ್ಟು ಎಂದು ಬರೆದುಕೊಳ್ಳಿ. ನಮ್ಮ ಸುರುಳಿಗೆ ಅವು 5900, 2900, 1900. ಮೊದಲ ಎರಡರ ವ್ಯತ್ಯಾಸ 3000, ಕೊನೆಯ ಎರಡರ ವ್ಯತ್ಯಾಸ 1000. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 3. ವ್ಯತ್ಯಾಸ ತೆಗೆದಾಗ G ಕಳೆದುಹೋಗುವುದರಿಂದ ಅದು ಗೊತ್ತಿರಬೇಕಾಗಿಯೇ ಇಲ್ಲ. ಗೆರೆಗಳು ಸಮವಾಗಿರುವ ಯಾವುದೇ ಗ್ಯಾಲ್ವನೋಮೀಟರಿನಲ್ಲಿ, ಅದರ ರೋಧ ಎಷ್ಟೇ ಇರಲಿ, ಈ ಭಾಗಲಬ್ಧ 3 ಬರಬೇಕು. ಚಪ್ಪಟೆ ಧ್ರುವದ ಮೀಟರಿನಲ್ಲಿ 2.7 ಬರುತ್ತಿತ್ತು. 10ರ ಹತ್ತಿರ ಕಾಲು ಗೆರೆ ತಪ್ಪಿ ಓದಿದರೂ ರೋಧ 150 ಓಮ್‌ನಷ್ಟು ಜರುಗುತ್ತದೆ. ಆದ್ದರಿಂದ ಮುಳ್ಳಿನ ಕೆಳಗೆ ಕನ್ನಡಿ ಪಟ್ಟಿ ಇದ್ದರೆ ಮುಳ್ಳು ತನ್ನ ಬಿಂಬವನ್ನು ಮುಚ್ಚುವಂತೆ ಕಣ್ಣಿಟ್ಟು, ಎಡಕ್ಕೂ ಬಲಕ್ಕೂ ಎರಡೆರಡು ಸಲ ಓದಿ ಸರಾಸರಿ ತೆಗೆಯಿರಿ.

ಭೌತಶಾಸ್ತ್ರದ ಉಪನ್ಯಾಸಕರಲ್ಲಿ ನನ್ನ ಒಂದು ಕೋರಿಕೆ. ಅರ್ಧ ವಿಚಲನೆಯ ಪ್ರಯೋಗಕ್ಕೆ ಮೊದಲು ಹತ್ತು ನಿಮಿಷ ತೆಗೆದು ಮಕ್ಕಳಿಂದ ಈ ಮೂರು ಓದು ಮಾಡಿಸಿ. 3 ಬಂದ ಮೇಲೆ S ಜೋಡಿಸಲಿ.